ಮಳೆ ನಿಂತ ಮೇಲೆ ಉದುರುವ ಗಾರೆ

ಪ್ರಶ್ನೆ: ಕುಂದಾಪುರದ ಹತ್ತಿರ ಅಜ್ಜ ಕಟ್ಟಿಸಿದ ಮನೆ ಇದೆ. ಮುರಕಲ್ಲಿನ ಗೋಡೆ, ಚಿಪ್ಪು ಸುಣ್ಣದ ಗಾರೆ. ಕಿಟಕಿಗಳ ಮೇಲೆ ಗಾರೆಯಲ್ಲೇ ಮಾಡಿದ ಹೂಬಳ್ಳಿ, ನೆತ್ತಿಯಲ್ಲಿ 1926 ಎಂಬ ಅಂಕೆ. ಮೂರು ವರ್ಷದ ಹಿಂದೆ ಕೆಳಗಿನ ನಾಲ್ಕು ಅಡಿಗೆ ಸಿಮೆಂಟ್ ಸಾರಣೆ ಮಾಡಿಸಿ, ಇಡೀ ಮನೆಗೆ ಎಮಲ್ಷನ್ ಪೇಂಟ್ ಹೊಡೆಸಿದೆವು. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದೆವು. ಈಗ ಸಿಮೆಂಟಿನ ಮೇಲ್ಗಡೆಯ ಗಾರೆ ಹೊಪ್ಪಳೆ ಹೊಪ್ಪಳೆಯಾಗಿ ಏಳುತ್ತಿದೆ, ಹೂಗಳೂ ಬೀಳುತ್ತಿವೆ. ವಿಚಿತ್ರ ಅಂದ್ರೆ ಮಳೆಗಾಲದಲ್ಲಿ ಏನೂ ಆಗಲ್ಲ, ದೀಪಾವಳಿ ಕಳೆದ ಮೇಲೆ ಉದುರುತ್ತೆ. ಮೇಸ್ತ್ರಿ ಹೇಳ್ತಾರೆ, ಸುಣ್ಣ ಸತ್ತಿದೆ, ಎಲ್ಲ ಕೆತ್ತಿ ಸಿಮೆಂಟ್ ಮಾಡಿ, ಹೂಗಳನ್ನು ಪಿಒಪಿಯಲ್ಲಿ ಹಾಕಿಕೊಡ್ತೇನೆ ಅಂತ. ಹಿಂದಿನವರು ಮೊಟ್ಟೆ, ಬೆಲ್ಲ ಹಾಕುತ್ತಿದ್ದರಂತೆ, ಅದು ಈಗ ಯಾರಿಗೂ ಬರಲ್ಲ ಅಂತಲೂ ಹೇಳ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು. ಕೆತ್ತುವ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿ. ನಿಮ್ಮ ಸುಣ್ಣ ಸತ್ತಿಲ್ಲ. ದೀಪಾವಳಿ ಕಳೆದ ಮೇಲೆ ಉದುರುತ್ತೆ ಎಂದು ಬರೆದಿದ್ದೀರಲ್ಲ, ಕಾರಣ ಅದರಲ್ಲೇ ಇದೆ. ಗಾರೆಯನ್ನು ನೀರು ಒಂದೇ ಹಾಳು ಮಾಡುವುದಾಗಿದ್ದರೆ ಆಷಾಢದಲ್ಲೇ ಬೀಳಬೇಕಿತ್ತು. ಒಣಗುವ ಕಾಲದಲ್ಲಿ ಬೀಳುತ್ತಿದೆ ಅಂದರೆ ಅದು ಉಪ್ಪಿನ ಕೆಲಸ.

ಗೋಡೆಯೊಳಗೆ ಏನಾಗುತ್ತಿದೆ ಎಂದು ತಿಳಿಯಬೇಕಾದರೆ ಈ ಗಾರೆಯನ್ನು ಹೇಗೆ ಮಾಡುತ್ತಿದ್ದರು ಎಂದು ಸ್ವಲ್ಪ ನೋಡಬೇಕು.

ನಮ್ಮ ಕರಾವಳಿಯಲ್ಲಿ ಸುಣ್ಣದ ಕಲ್ಲು ಸುಲಭಕ್ಕೆ ಸಿಗುತ್ತಿರಲಿಲ್ಲ. ಚಿಪ್ಪು ಬೇಕಾದಷ್ಟಿತ್ತು. ಹೊಳೆ ಸಮುದ್ರ ಸೇರುವ ಜಾಗಗಳಲ್ಲಿ ಬಳಚು, ಮರುವಾಯಿಯ ಚಿಪ್ಪು ರಾಶಿಗಟ್ಟಲೆ ಬಿದ್ದಿರುತ್ತಿತ್ತು. ಅದನ್ನು ತಂದು ತೊಳೆದು, ಗೂಡಿನಲ್ಲಿ ಒಂದು ಪದರ ಇದ್ದಿಲು, ಒಂದು ಪದರ ಚಿಪ್ಪು ಎಂದು ಪೇರಿಸಿ ಸುಡುತ್ತಿದ್ದರು. ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಚಿಪ್ಪಿನೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. 100 ಕಿಲೋ ಶುದ್ಧ ಚಿಪ್ಪು ಸುಟ್ಟರೆ ಉಳಿಯುವುದು 56 ಕಿಲೋ ಸುಟ್ಟ ಸುಣ್ಣ. ಅದಕ್ಕೆ ನೀರು ತಾಗಿದರೆ ಕೊತಕೊತ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಸೋಸಿ, ಗುಂಡಿಯಲ್ಲಿ ನೀರಿನಡಿಯಲ್ಲಿ ವಾರಗಟ್ಟಲೆ, ಸಾಧ್ಯವಾದರೆ ತಿಂಗಳುಗಟ್ಟಲೆ ಇಡುತ್ತಿದ್ದರು. ಹೀಗೆ ಕೂತಷ್ಟೂ ಅದು ಬೆಣ್ಣೆಯ ಹಾಗೆ ನಯವಾಗುತ್ತದೆ.

ಗೋಡೆಗೆ ಹಚ್ಚಿದ ಮೇಲೆ ಈ ಸುಣ್ಣ ಗಾಳಿಯಿಂದ ಅದೇ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಎಳೆದುಕೊಂಡು ಮತ್ತೆ ಗಟ್ಟಿಯಾಗುತ್ತದೆ. ಸುಡುವ ಮೊದಲು ಚಿಪ್ಪು ಯಾವ ವಸ್ತುವಾಗಿತ್ತೋ, ಕೊನೆಗೆ ನಿಮ್ಮ ಗೋಡೆಯ ಮೇಲಿರುವುದೂ ಅದೇ ವಸ್ತು. ಇದಕ್ಕೆ ಸ್ವಲ್ಪ ತೇವವೂ ಬೇಕು, ಗಾಳಿಯೂ ಬೇಕು. ತೀರಾ ಒಣಗಿದರೆ ಗಟ್ಟಿಯಾಗುವುದು ಅರ್ಧಕ್ಕೇ ನಿಲ್ಲುತ್ತದೆ. ನೀರು ತುಂಬಿಕೊಂಡಿದ್ದರೆ ಗಾಳಿ ಒಳಗೆ ಹೋಗುವುದಿಲ್ಲ. ಹಾಗಾಗಿಯೇ ಗಾರೆಯನ್ನು ಒಮ್ಮೆಗೇ ದಪ್ಪ ಬಳಿಯದೆ, ತೆಳ್ಳಗೆ ಎರಡು ಮೂರು ಪದರ ಹಚ್ಚುತ್ತಿದ್ದರು. ಒಳಗಿನ ಪದರ ಒಂದು ಪಾಲು ಸುಣ್ಣ, ಮೂರು ಪಾಲು ಹೊಳೆಮರಳು. ದಪ್ಪ ಸುಮಾರು 10 ಮಿಲಿಮೀಟರ್. ನೀರು ಬಡಿಯುವ ಕಡೆ ಮರಳಿನಲ್ಲಿ ಒಂದು ಪಾಲು ಕಡಿಮೆ ಮಾಡಿ, ಅದರ ಬದಲು ಸುರ್ಕಿ, ಅಂದರೆ ನುಣ್ಣಗೆ ಕುಟ್ಟಿದ ಇಟ್ಟಿಗೆ ಪುಡಿ. ಚಿಪ್ಪು ಸುಣ್ಣ ಬಹಳ ಶುದ್ಧ. ಅದರಲ್ಲಿ ಜೇಡಿಯ ಅಂಶ ಇಲ್ಲ. ಹಾಗಾಗಿ ಒದ್ದೆಯಲ್ಲಿ ಅದು ತಾನಾಗಿ ಗಟ್ಟಿಯಾಗುವುದಿಲ್ಲ. ಆ ಕೊರತೆಯನ್ನು ಸುರ್ಕಿ ತುಂಬುತ್ತದೆ. ಕಟ್ಟಕಡೆಯ ಪದರ ಎರಡು ಮೂರು ಮಿಲಿಮೀಟರ್ ಅಷ್ಟೇ. ನುಣ್ಣಗೆ ಅರೆದ ಸುಣ್ಣ, ನಯ ಮರಳು. ಅದನ್ನು ಕರಣೆಯಿಂದ ಒತ್ತಿ ಒತ್ತಿ, ಆಮೇಲೆ ನುಣುಪು ಕಲ್ಲಿನಿಂದ ತಿಕ್ಕುತ್ತಿದ್ದರು.

ಕಿಟಕಿಯ ಮೇಲಿನ ಚಿತ್ತಾರವೂ ಇದೇ ಸಾಮಾನಿನಿಂದ ಆದದ್ದು. ಉದ್ದಕ್ಕೆ ಓಡುವ ಕಾರ್ನಿಸ್ ಪಟ್ಟಿಗೆ ಮುರಕಲ್ಲನ್ನೇ ಗೋಡೆಯಿಂದ ಸ್ವಲ್ಪ ಮುಂದೆ ಚಾಚಿ ಕಟ್ಟಿರುತ್ತಾರೆ. ಅದರ ಮೇಲೆ ಗಾರೆ ಹಚ್ಚಿ, ಬೇಕಾದ ಆಕಾರಕ್ಕೆ ಕತ್ತರಿಸಿದ ಮರದ ಅಥವಾ ತಗಡಿನ ಅಚ್ಚನ್ನು ಒಂದು ರೀಪಿನ ಆಸರೆಯಲ್ಲಿ ಮತ್ತೆ ಮತ್ತೆ ಎಳೆಯುತ್ತಾರೆ. ಪ್ರತಿ ಸಲವೂ ಸ್ವಲ್ಪ ಗಾರೆ ತುಂಬುತ್ತದೆ, ಹೆಚ್ಚಿದ್ದು ಕೆರೆದುಹೋಗುತ್ತದೆ. ಹೂ, ಬಳ್ಳಿ, ಅಂಕೆ ಮಾತ್ರ ಕೈಯಲ್ಲೇ ಆಗಬೇಕು. ಒಳಪದರ ಇನ್ನೂ ಹಸಿಯಾಗಿರುವಾಗ ಗೀರು ಹಾಕಿ, ಮೇಲೆ ಉಂಡೆ ಇಟ್ಟು, ಸಣ್ಣ ಕರಣೆಯಲ್ಲಿ ಎಸಳು ತೆಗೆಯುತ್ತಾರೆ. ತುಂಬಾ ಮುಂದೆ ಚಾಚಿದ ಹೂವಿಗೆ ಆಸರೆಯಾಗಿ ಒಳಗೆ ಮೊಳೆ ಹೊಡೆದಿರುವುದೂ ಉಂಟು. ಈ ಮೊಳೆಯ ವಿಷಯ ಮುಂದೆ ಬರುತ್ತದೆ.

ಇನ್ನು ಮೊಟ್ಟೆ ಮತ್ತು ಬೆಲ್ಲ. ಅದು ಕಟ್ಟುಕಥೆ ಅಲ್ಲ. ಮದ್ರಾಸಿನ ಗಾರೆ ಮಾಡುವ ಬಗೆಯನ್ನು ವಿವರಿಸಿದ ಬರಹವೊಂದನ್ನು ಲಂಡನ್ನಿನ ರಾಯಲ್ ಸೊಸೈಟಿ 1732ರಲ್ಲೇ ಅಚ್ಚು ಹಾಕಿತ್ತು. ಅದರಲ್ಲಿ ಬೆಲ್ಲ, ಅಳಲೆಕಾಯಿ, ಮೊಟ್ಟೆ ಎಲ್ಲವೂ ಬರುತ್ತವೆ. ಆದರೆ ಗಾರೆಯ ಗಟ್ಟಿತನ ಇವುಗಳಿಂದ ಬಂತು ಎನ್ನುವುದು ತಪ್ಪು. ಬೆಲ್ಲದ ನೀರು ಹಾಕಿದರೆ ಗಾರೆ ಕಡಿಮೆ ನೀರಿನಲ್ಲೇ ಕರಣೆಗೆ ಒಗ್ಗುತ್ತದೆ, ಗಟ್ಟಿಯಾಗುವುದು ನಿಧಾನವಾಗುತ್ತದೆ, ಚಿತ್ತಾರ ತೆಗೆಯಲು ಸಮಯ ಸಿಗುತ್ತದೆ. ಜಾಸ್ತಿಯಾದರೆ ಗಾರೆ ಮೆತ್ತಗೇ ಉಳಿಯುತ್ತದೆ. ಮೊಟ್ಟೆಯ ಬಿಳಿ, ಮೊಸರು ಇವೆಲ್ಲ ಕೊನೆಯ ಹೊಳಪಿನ ಪದರಕ್ಕೆ. ನಯ ಬರಲಿ, ನೀರು ಸ್ವಲ್ಪ ಜಾರಲಿ ಎಂದು. ಗಟ್ಟಿತನ ಬಂದದ್ದು ಚೆನ್ನಾಗಿ ಕೂತ ಸುಣ್ಣದಿಂದ, ಉಪ್ಪಿಲ್ಲದ ಮರಳಿನಿಂದ, ತೆಳು ಪದರಗಳಿಂದ, ಒದ್ದೆ ಗೋಣಿ ಹೊದಿಸಿ ಕಾದ ತಾಳ್ಮೆಯಿಂದ. ಇದನ್ನು ಇವತ್ತಿನ ಮೇಸ್ತ್ರಿಯೂ ಮಾಡಬಹುದು. ಮೊಟ್ಟೆ ಇಲ್ಲ ಎಂದು ಕೆಲಸ ಬಿಡಬೇಕಾಗಿಲ್ಲ.

ಈಗ ನಿಮ್ಮ ಗೋಡೆಗೆ ಬರೋಣ. ಮುರಕಲ್ಲು ತೂತು ತೂತಿನ ಕಲ್ಲು. ನೆಲದ ನೀರನ್ನು ಮೇಲಕ್ಕೆ ಎಳೆಯುತ್ತದೆ. ನೀರಿನ ಜೊತೆ ಮಣ್ಣಿನ ಉಪ್ಪು ಬರುತ್ತದೆ. ಸಮುದ್ರದ ಗಾಳಿಯೂ ಉಪ್ಪು ತರುತ್ತದೆ. ಇದೆಲ್ಲ 1926ರಿಂದಲೂ ಇತ್ತು. ಆದರೂ ಗಾರೆ ನಿಂತಿತ್ತು. ಯಾಕೆಂದರೆ ಬುಡದಿಂದ ನೆತ್ತಿಯವರೆಗೆ ಗೋಡೆಯ ಪ್ರತಿ ಇಂಚಿನಿಂದಲೂ ತೇವ ಆರಿಹೋಗುತ್ತಿತ್ತು. ಉಪ್ಪು ಹೊರಮೈಯಲ್ಲಿ ಬಿಳಿ ಹುಡಿಯಾಗಿ ಕಾಣಿಸಿಕೊಳ್ಳುತ್ತಿತ್ತು. ವರ್ಷಕ್ಕೊಮ್ಮೆ ಸುಣ್ಣ ಬಳಿಯುವಾಗ ಅದನ್ನು ಗುಡಿಸಿ ತೆಗೆಯುತ್ತಿದ್ದರು.

ಕೆಳಗೆ ಸಿಮೆಂಟ್ ಮೆತ್ತಿದ ಮೇಲೆ ಆ ನಾಲ್ಕು ಅಡಿಯಲ್ಲಿ ನೀರು ಹೊರಬರುವ ದಾರಿ ಹೆಚ್ಚುಕಡಿಮೆ ಮುಚ್ಚಿತು. ನೀರು ಅಲ್ಲಿಗೇ ನಿಲ್ಲುವುದಿಲ್ಲ, ಇನ್ನೂ ಮೇಲೇರುತ್ತದೆ. ಸಿಮೆಂಟ್ ಮುಗಿದ ಗೆರೆಯ ಮೇಲ್ಗಡೆ ಹಳೆ ಗಾರೆ ಸಿಕ್ಕಿತು, ಅಲ್ಲಿಂದ ಹೊರಟಿತು. ಆದರೆ ಅಲ್ಲಿಯೂ ಎಮಲ್ಷನ್ ಪೇಂಟಿನ ಪೊರೆ ಅಡ್ಡ ಇದೆ. ಹೊರಮೈಯಲ್ಲಿ ಕೂರಬೇಕಾದ ಉಪ್ಪು ಪೇಂಟಿನ ಹಿಂದೆ, ಗಾರೆಯ ಒಳಗೇ ಕೂರತೊಡಗಿತು. ಅಂಗಳದ ಇಂಟರ್‌ಲಾಕ್ ಮಳೆನೀರನ್ನು ಇಂಗಲು ಬಿಡದೆ ಗೋಡೆಯ ಬುಡಕ್ಕೆ ಚಿಮ್ಮಿಸುತ್ತಿರಬೇಕು. ಹಾಗಾಗಿ ಒಳಗೆ ಬರುವ ನೀರೂ ಹೆಚ್ಚಾಯಿತು.

ಉಪ್ಪು ಒಡೆಯುವುದು ಹೇಗೆ? ಅಡುಗೆ ಉಪ್ಪು ಗಾಳಿಯ ತೇವಾಂಶ ಸುಮಾರು ಶೇ 75ಕ್ಕಿಂತ ಮೇಲಿದ್ದರೆ ತಾನೇ ನೀರೆಳೆದುಕೊಂಡು ಕರಗುತ್ತದೆ. ಅದಕ್ಕಿಂತ ಕೆಳಗಿಳಿದರೆ ಹರಳಾಗುತ್ತದೆ. ಮಳೆಗಾಲವಿಡೀ ನಮ್ಮಲ್ಲಿ ಗಾಳಿ ಅದಕ್ಕಿಂತ ಒದ್ದೆ. ಉಪ್ಪು ಕರಗಿಯೇ ಇರುತ್ತದೆ, ಗಾರೆಗೆ ತೊಂದರೆ ಇಲ್ಲ. ದೀಪಾವಳಿ ಕಳೆದ ಮೇಲೆ ಒಣಗಾಳಿ ಶುರುವಾಗುತ್ತದೆ. ಮಧ್ಯಾಹ್ನ ಹರಳು, ರಾತ್ರಿ ಇಬ್ಬನಿಗೆ ಮತ್ತೆ ನೀರು, ಮಾರನೇ ದಿನ ಮತ್ತೆ ಹರಳು. ಹರಳು ಬೆಳೆಯುವಾಗ ಗಾರೆಯ ಸಣ್ಣ ತೂತುಗಳನ್ನು ಒಳಗಿನಿಂದ ಒತ್ತುತ್ತದೆ. ಫೆಬ್ರವರಿವರೆಗೆ ದಿನಾ ಇದೇ ನಡೆದರೆ ಯಾವ ಗಾರೆ ತಡೆದೀತು? ಹೂಬಳ್ಳಿ ಮುಂದೆ ಚಾಚಿರುವುದರಿಂದ ಗಾಳಿ ಹೆಚ್ಚು ತಾಗಿ ಬೇಗ ಆರುತ್ತದೆ. ಹಾಗಾಗಿ ಉಪ್ಪು ಅಲ್ಲಿ ಹೆಚ್ಚು ಸೇರುತ್ತದೆ.

ನನ್ನ ಈ ಊಹೆ ಸರಿಯೋ ಅಲ್ಲವೋ ಎಂದು ನೀವೇ ನೋಡಬಹುದು. ಎದ್ದ ಗಾರೆಯ ಹಿಂದಿನ ಬಿಳಿ ಹುಡಿಯನ್ನು ಸ್ವಲ್ಪ ಕೆರೆದು ಒಂದು ಲೋಟ ನೀರಿಗೆ ಹಾಕಿ ಕಲಕಿ. ಕರಗಿಹೋದರೆ ಉಪ್ಪು. ತಳದಲ್ಲಿ ಉಳಿದು, ನಿಂಬೆರಸ ಬಿಟ್ಟಾಗ ನೊರೆ ಬಂದರೆ ಅದು ಸುಣ್ಣ. ಆಮೇಲೆ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ ಫೋಟೊ ತೆಗೆಯಿರಿ. ಟೊಳ್ಳು ಜಾಗ ಸಿಮೆಂಟ್ ಗೆರೆಯ ಮೇಲೆ ಪಟ್ಟಿಯಾಗಿ ಸೇರಿದ್ದರೆ ನಾನು ಹೇಳಿದ್ದೇ ಕಾರಣ. ಬರೀ ನೆತ್ತಿಯಲ್ಲಿದ್ದರೆ ಹೆಂಚು ಅಥವಾ ಮಾಡಿನ ನೀರು ಹರಿಯುವ ದೋಣಿ ಸೋರುತ್ತಿದೆ, ಅದನ್ನು ಮೊದಲು ನೋಡಿ. ಹೂವಿನ ಬಿರುಕಿನ ಸುತ್ತ ಕಂದು ಕಲೆ ಇದ್ದರೆ ಒಳಗಿನ ಮೊಳೆ ತುಕ್ಕು ಹಿಡಿದು ಊದಿದೆ. ಅಲ್ಲಿ ಉಪ್ಪು ತೆಗೆದರೂ ಬಿರುಕು ನಿಲ್ಲುವುದಿಲ್ಲ, ಮೊಳೆಯನ್ನೇ ತೆಗೆಯಬೇಕು. ಇನ್ನು ಬಟಾಣಿ ಗಾತ್ರದ ಸಣ್ಣ ಕುಳಿ, ನಡುವೆ ಬಿಳಿ ಚುಕ್ಕೆ ಕಂಡರೆ ಗಾಬರಿ ಬೇಡ. ಅರಳದೆ ಉಳಿದ ಸುಣ್ಣದ ಕಾಳು ಆಮೇಲೆ ಅರಳಿ ಸಿಡಿದದ್ದು. ಅದು ಹೊಸ ಗಾರೆಯ ದೋಷ, ಹಳೆಯದರಲ್ಲಿ ಅಪರೂಪ.

ಮೇಸ್ತ್ರಿ ಹೇಳಿದ ದಾರಿಯ ಬಗ್ಗೆ. ಪೂರ್ತಿ ಸಿಮೆಂಟ್ ಮಾಡಿದರೆ ಮೊದಲ ಒಂದೆರಡು ವರ್ಷ ಚೆನ್ನಾಗಿ ಕಾಣುತ್ತದೆ. ಆದರೆ ಗೋಡೆಯೊಳಗಿನ ನೀರಿಗೆ ಉಳಿಯುವ ದಾರಿ ಮನೆಯ ಒಳಮೈ ಒಂದೇ. ಮಲಗುವ ಕೋಣೆಯ ಗೋಡೆ ಬೆವರತೊಡಗುತ್ತದೆ. ಮುಂದೆ ಸಿಮೆಂಟ್ ಬಿಟ್ಟುಬರುವಾಗ ಮುರಕಲ್ಲಿನ ಮೈಯನ್ನೂ ಕಿತ್ತುಕೊಂಡು ಬರುತ್ತದೆ. ಪಿಒಪಿ ಅಂದರೆ ಜಿಪ್ಸಂ. ಅದು ನೀರಿನಲ್ಲಿ ಅಷ್ಟಿಷ್ಟು ಕರಗುವ ವಸ್ತು. ಒಳಗಿನ ತಾರಸಿಗೆ ಸರಿ, ಕರಾವಳಿಯ ಮಳೆಗೆ ಮುಖ ಕೊಟ್ಟ ಗೋಡೆಗೆ ಖಂಡಿತ ಬೇಡ.

ಗಾರೆ ಪೂರ್ತಿ ತೆಗೆದು ಕೆಂಪು ಕಲ್ಲನ್ನು ಹಾಗೇ ಬಿಡುವ ಸಲಹೆಯೂ ನಿಮಗೆ ಬರಬಹುದು. ಫೋಟೊದಲ್ಲಿ ಚೆಂದ. ಹಳೆ ಗೋವಾದ ಬಾಮ್ ಜೀಸಸ್ ಚರ್ಚಿಗೆ 1950ರ ಸುಮಾರಿಗೆ ಹೀಗೇ ಮಾಡಿದರು. 1605ರ ಆ ಕಟ್ಟಡದ ಹೊರಗಾರೆ ಕೆತ್ತಿ ಮುರಕಲ್ಲನ್ನು ಮಳೆಗೆ ಬಿಟ್ಟರು. ಆಮೇಲೆ ಕಲ್ಲು ಸವೆಯುತ್ತಾ ಬಂತು. ಮತ್ತೆ ಗಾರೆ ಮಾಡಬೇಕು ಎಂದು ಚರ್ಚಿನವರೇ ಕೇಳುವ ಹಾಗಾಯಿತು. ಮುರಕಲ್ಲಿಗೆ ಗಾರೆ ಅಲಂಕಾರ ಅಲ್ಲ, ಅದು ಕಲ್ಲಿನ ಹೊದಿಕೆ.

ನಾನು ಹೇಳುವ ದಾರಿ ನಿಧಾನದ್ದು. ಎರಡು ಬೇಸಿಗೆ ಬೇಕು.

ಈ ವರ್ಷ ನೀರಿನ ಕೆಲಸ ಮಾತ್ರ ಮಾಡಿ. ಗೋಡೆಯ ಸುತ್ತ ಎರಡು ಅಡಿ ಅಗಲಕ್ಕೆ ಇಂಟರ್‌ಲಾಕ್ ಎಬ್ಬಿಸಿ, ಅಲ್ಲಿ ಒಡೆದ ಜಲ್ಲಿ ತುಂಬಿ, ನೀರು ಮನೆಯಿಂದ ಆಚೆ ಹೋಗುವಂತೆ ಇಳಿಜಾರು ಕೊಡಿ. ಅಂಗಳದ ಮಟ್ಟ ಮನೆಯೊಳಗಿನ ನೆಲಕ್ಕಿಂತ ಕೆಳಗಿರಲಿ. ಡಿಸೆಂಬರ್‌ನಲ್ಲಿ ಆ ನಾಲ್ಕಡಿ ಸಿಮೆಂಟ್ ತೆಗೆಸಿ. ಸಣ್ಣ ಉಳಿ, ಸಣ್ಣ ಸುತ್ತಿಗೆ ಸಾಕು. ಬ್ರೇಕರ್ ಮೆಷಿನ್ ತರಲು ಬಿಡಬೇಡಿ, ಅದರ ನಡುಕಕ್ಕೆ ಮೇಲಿನ ಟೊಳ್ಳು ಹೂಗಳು ಬೀಳುತ್ತವೆ. ಸಿಮೆಂಟಿನ ಜೊತೆ ಕಲ್ಲಿನ ಮೈ ಒಂದಿಷ್ಟು ಬಂದೇ ಬರುತ್ತದೆ, ಆ ನಷ್ಟ ತಪ್ಪಿಸಲಾಗದು. ಬರಿಗೋಡೆ ಬೇಸಿಗೆಯವರೆಗೆ ಆರಲಿ. ಮೇಲೆ ಬರುವ ಬಿಳಿ ಹುಡಿಯನ್ನು ಒಣ ಬ್ರಷ್‌ನಲ್ಲಿ ಉಜ್ಜಿ, ಗೋಣಿಗೆ ಹಿಡಿದು ಆಚೆ ಎಸೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ.

ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಒಳಗೆ, ಬುಡಕ್ಕೆ ಒಂದು ಬಡಪದರ ಹಚ್ಚಿಸಿ. ಒಂದು ಪಾಲು ಸುಣ್ಣ, ನಾಲ್ಕು ಪಾಲು ದಪ್ಪ ಮರಳು. ಇದು ಉಳಿಯಲಿ ಎಂದು ಹಚ್ಚುವುದಲ್ಲ. ಕಲ್ಲಿನಲ್ಲಿರುವ ಉಪ್ಪನ್ನು ತಾನು ಎಳೆದುಕೊಂಡು ಹಾಳಾಗಲಿ ಎಂದು. ಹೊನ್ನಾವರದ ಕಡೆ ಶರಾವತಿ ದಂಡೆಯ ಒಂದು ಮನೆಯಲ್ಲಿ ಹೀಗೇ ಮಾಡಿದೆವು. ಮಾರನೇ ವರ್ಷ ಚಳಿಗಾಲ ಮುಗಿಯುವಷ್ಟರಲ್ಲಿ ಆ ಪದರ ಕೈಯಲ್ಲಿ ಹುಡಿಯಾಗುತ್ತಿತ್ತು. ಮನೆಯವರಿಗೆ ಬೇಸರ, ನನಗೆ ಸಮಾಧಾನ. ಅದನ್ನು ಕೆರೆದು ದೂರ ಎಸೆದು, ಆಮೇಲೆ ನಿಜವಾದ ಗಾರೆ ಹಚ್ಚಿದೆವು. ಗೋಡೆಯ ಮೂರು ಬದಿ ಚೆನ್ನಾಗಿ ನಿಂತಿತು. ಹೊಳೆಗೆ ಮುಖ ಮಾಡಿದ ಪಡುವಣ ಗೋಡೆಯ ಬುಡ ಮಾತ್ರ ಇವತ್ತಿಗೂ ಆಗಾಗ ಹುಡಿ ಬಿಡುತ್ತದೆ. ಅಲ್ಲಿ ನೆಲದ ನೀರೇ ಉಪ್ಪು. ಅಂಥ ಕಡೆ ಕೆಲವು ವರ್ಷಕ್ಕೊಮ್ಮೆ ಬುಡದ ಗಾರೆ ಬದಲಿಸುತ್ತಿರಬೇಕು. ಪೂರ್ತಿ ಗುಣ ಆಗುತ್ತದೆ ಎಂದು ನಿಮಗೂ ನಾನು ಮಾತು ಕೊಡಲಾರೆ.

ಪೇಂಟ್ ತೆಗೆಯುವುದೇ ಎಲ್ಲಕ್ಕಿಂತ ನಾಜೂಕಿನ ಕೆಲಸ. ಬಯಲು ಗೋಡೆಯಲ್ಲಿ ಎದ್ದ ಪೊರೆಯನ್ನು ಚಪ್ಪಟೆ ಕರಣೆಯಲ್ಲಿ ಎಬ್ಬಿಸಬಹುದು. ಹೂಗಳ ಮೇಲೆ ಬಿದಿರಿನ ಕಡ್ಡಿ, ಮೆತ್ತನೆ ಬ್ರಷ್ ಬಿಟ್ಟು ಬೇರೇನೂ ಬೇಡ. ಆಸಿಡ್ ಮುಟ್ಟಿಸಬೇಡಿ, ಸುಣ್ಣ ಆಸಿಡ್‌ನಲ್ಲಿ ಕರಗಿಹೋಗುತ್ತದೆ. ಜೋರಾಗಿ ನೀರು ಹೊಡೆಯುವ ಮೆಷಿನ್ ಎಸಳುಗಳನ್ನೇ ಹಾರಿಸುತ್ತದೆ. ಪೇಂಟ್ ತೆಗೆಯುವ ಕೆಮಿಕಲ್ ಉಪಯೋಗಿಸಲೇಬೇಕಾದರೆ ಕಾಣದ ಒಂದು ಮೂಲೆಯಲ್ಲಿ ಮೊದಲು ಹಚ್ಚಿ ನೋಡಿ. ಕೆಲವು ಕೆಮಿಕಲ್‌ಗಳೇ ಉಪ್ಪು ಬಿಟ್ಟುಹೋಗುತ್ತವೆ. ಹೂವಿನ ಸಂದಿಯಲ್ಲಿ ಹತ್ತಾರು ವರ್ಷದ ಸುಣ್ಣದ ಪದರ ತುಂಬಿ ಅಂದ ಮಸುಕಾಗಿರುವುದೂ ಉಂಟು. ಅದನ್ನು ನಿಧಾನಕ್ಕೆ ಬಿಡಿಸಿದರೆ ಅಡಿಯ ಗೆರೆಗಳು ಸಿಗುತ್ತವೆ.

ಟೊಳ್ಳಾದರೂ ಇನ್ನೂ ಬೀಳದ ಹೂವನ್ನು ಉಳಿಸಬಹುದು. ಹಿಂದಿನ ಹುಡಿಯನ್ನು ಊದಿ ತೆಗೆದು, ಸಿರಿಂಜಿನಲ್ಲಿ ಸ್ವಲ್ಪ ನೀರು ಬಿಟ್ಟು, ಆಮೇಲೆ ಬಟ್ಟೆಯಲ್ಲಿ ಸೋಸಿದ ಸುಣ್ಣಕ್ಕೆ ನಯ ಸುರ್ಕಿ ಕಲಸಿ ತೆಳ್ಳಗೆ ಒಳಗೆ ಬಿಡಬೇಕು. ಗಟ್ಟಿಯಾಗುವವರೆಗೆ ಬಟ್ಟೆಯ ಮೆತ್ತೆ ಇಟ್ಟು ಹಲಗೆಯಿಂದ ಆಸರೆ ಕೊಡಬೇಕು. ಸಂದಿ ಸಣ್ಣದಿದ್ದರೆ ಇದು ಹಿಡಿಯುತ್ತದೆ. ಬೆರಳು ತೂರುವಷ್ಟು ಬಿಟ್ಟಿದ್ದರೆ ಸಾಲದು. ಭಾರದ ತುಂಡಿಗೆ ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿ ಕೊಡಬೇಕು. ಬರೀ ಕಬ್ಬಿಣದ ಮೊಳೆ ಮತ್ತೆ ಹಾಕಿದರೆ ಅದೇ ಕಥೆ. ಈ ಕೆಲಸವನ್ನು ಗಾರೆ ಗೊತ್ತಿರುವವರಿಂದಲೇ ಮಾಡಿಸಿ, ಮೊದಲು ಒಂದು ಹೂವಿನಲ್ಲಿ ಮಾಡಿ ತೋರಿಸಲು ಹೇಳಿ.

ಹೊಸ ಗಾರೆ ಎರಡನೇ ವರ್ಷದ ಅಕ್ಟೋಬರ್ ಕೊನೆಯಿಂದ ಜನವರಿಯೊಳಗೆ ಆಗಲಿ. ಮೇ ತಿಂಗಳಲ್ಲಿ ಯಾರು ಒತ್ತಾಯಿಸಿದರೂ ಒಪ್ಪಬೇಡಿ. ಬಿಸಿಲಿಗೆ ಬೇಗ ಒಣಗಿ ಸೀಳುತ್ತದೆ, ಉಳಿದದ್ದು ಜೂನ್ ಮಳೆಗೆ ತೊಳೆದುಹೋಗುತ್ತದೆ. ಪದರಕ್ಕೂ ಪದರಕ್ಕೂ ನಡುವೆ ವಾರಕ್ಕಿಂತ ಹೆಚ್ಚು ಬಿಡಿ, ಗೋಣಿ ಒದ್ದೆಯಾಗಿಡಿ. ಮೊದಲ ದಿನಗಳಲ್ಲಿ ಕೂದಲೆಳೆ ಬಿರುಕು ಕಂಡರೆ ನೀರು ಚಿಮುಕಿಸಿ ಮರದ ಹಲಗೆಯಿಂದ ಒತ್ತಿ ಉಜ್ಜಬೇಕು, ಮುಚ್ಚಿಕೊಳ್ಳುತ್ತದೆ. ಅಂಗಡಿಯಲ್ಲಿ ಚಿಪ್ಪು ಸುಣ್ಣ ಎಂದು ಪುಡಿ ಕೊಟ್ಟರೆ ಒಂದು ಚಮಚಕ್ಕೆ ನಿಂಬೆರಸ ಬಿಡಿ. ಬುಸ್ಸೆಂದು ನೊರೆ ಬಂದರೆ ಅದು ಚೀಲದಲ್ಲೇ ಗಾಳಿ ಕುಡಿದು ಹಳತಾಗಿದೆ, ಗೋಡೆಯಲ್ಲಿ ಹಿಡಿಯುವುದಿಲ್ಲ. ಸುಟ್ಟ ಚಿಪ್ಪನ್ನೇ ತಂದು ಅರಳಿಸುವುದಾದರೆ ನೀರಿಗೆ ಚಿಪ್ಪನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ.

ಗಾರೆ ಆದ ಮೇಲೆ ಎಮಲ್ಷನ್ ಬೇಡ, ಸುಣ್ಣವನ್ನೇ ಬಳಿಸಿ. ಹಾಲಿನಷ್ಟು ತೆಳ್ಳಗೆ ಕದಡಿ, ಗೋಡೆ ಒದ್ದೆ ಮಾಡಿಕೊಂಡು ಮೂರ್ನಾಲ್ಕು ಸಲ. ಮಳೆ ಮುಗಿದ ಮೇಲೆ ವರ್ಷಕ್ಕೊಮ್ಮೆ ಬೇಕಾಗುತ್ತದೆ. ಇದೇ ಈ ದಾರಿಯ ದೊಡ್ಡ ತೊಡಕು. ಪ್ರತಿ ವರ್ಷ ಇದನ್ನು ಮಾಡಿಸುವವರು ಊರಲ್ಲಿ ಯಾರೂ ಇಲ್ಲ ಎಂದಾದರೆ ಈಗಲೇ ಮನೆಯವರ ಜೊತೆ ಮಾತಾಡಿಕೊಳ್ಳಿ.

ಕೈಯಲ್ಲಿ ಹಣ ಕಡಿಮೆ ಇದ್ದರೆ ಈ ಸಲ ಜಲ್ಲಿ ಪಟ್ಟಿ ಮತ್ತು ಸಿಮೆಂಟ್ ತೆಗೆಸುವುದು, ಇವೆರಡನ್ನೇ ಮಾಡಿ. ಉದುರುವುದು ಅಲ್ಲಿಗೇ ಎಷ್ಟೋ ಕಡಿಮೆಯಾಗುತ್ತದೆ. ಹೂಬಳ್ಳಿ ಕಾಯಬಲ್ಲದು. ಅಷ್ಟರಲ್ಲಿ ಬಿದ್ದ ತುಂಡುಗಳನ್ನು ಗುಡಿಸಿ ಎಸೆಯಬೇಡಿ. ಯಾವ ಕಿಟಕಿಯದು ಎಂದು ಬರೆದು ಒಣ ಡಬ್ಬದಲ್ಲಿಡಿ. ಒಂದೇ ಒಂದು ಎಸಳು ಪೂರ್ತಿ ಸಿಕ್ಕರೂ ಗಾರೆ ಕೆಲಸದವರು ಅದನ್ನು ನೋಡಿ ಉಳಿದದ್ದನ್ನು ಕಟ್ಟಬಲ್ಲರು. ಮರಳಿನ ಕಾಳು ಎಷ್ಟು ದಪ್ಪ, ಸುರ್ಕಿ ಹಾಕಿದ್ದರೋ ಇಲ್ಲವೋ ಎನ್ನುವುದೂ ಅದೇ ತುಂಡಿನ ಒಡೆದ ಮೈಯಲ್ಲಿ ಕಾಣುತ್ತದೆ.